ಇ10 ಮತ್ತು ಇ20: ನನ್ನ ಕಾರಿನಲ್ಲಿ ಎರಡನ್ನೂ ಓಡಿಸಿ ನೋಡಿದ ಮೇಲೆ

ಶೇ. 10ರಷ್ಟು ಎಥನಾಲ್ ಬೆರೆತ ಪೆಟ್ರೋಲ್ ಇ10, ಶೇ. 20ರಷ್ಟು ಬೆರೆತದ್ದು ಇ20. ನನ್ನ ಒಲವು ಇ10ರ ಕಡೆಗಿದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ನಾನು ಅಲ್ಲಿಗೆ ಬಂದ ಕಾರಣ, ಇ20 ಹಾಕಿ ಎಂಜಿನ್ ಕೆಟ್ಟಿತೆಂಬ ಸಾಮಾನ್ಯ ದೂರಿನದಲ್ಲ.

ಕಳೆದ ವರ್ಷ ಕೊಂಡ ಸೆಕೆಂಡ್ ಹ್ಯಾಂಡ್ ಕಾರಿಗೆ ಎರಡು ಟ್ಯಾಂಕ್ ಇ20 ತುಂಬಿಸಿದ ಮೇಲೆ, ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಎಂಜಿನ್ ನಡುಗತೊಡಗಿತು. ಮೂರನೆಯ ದಿನ ಚೆಕ್ ಎಂಜಿನ್ ದೀಪ ಹೊತ್ತಿಕೊಂಡಿತು. ಸ್ಕ್ಯಾನರ್‌ನಲ್ಲಿ ಬಂದ ಕೋಡ್ P0171, ಅಂದರೆ ಗಾಳಿಗೆ ಹೋಲಿಸಿದರೆ ಇಂಧನ ಸಾಲದೆಂಬ ದೂರು. ಮೆಕ್ಯಾನಿಕ್ ಎಥನಾಲ್‌ನದೇ ತಪ್ಪೆಂದು ತೀರ್ಮಾನಿಸಿದರು. ನಾನೂ ನಂಬಿ ಇ10ಕ್ಕೆ ಮರಳಿದೆ, ಕೋಡ್ ಅಳಿಸಿದ ಮೇಲೆ ದೀಪ ಮತ್ತೆ ಹೊತ್ತಲಿಲ್ಲ. ಆದರೆ ಬೆಳಗಿನ ನಡುಕ ಸ್ವಲ್ಪ ಉಳಿದೇ ಇತ್ತು, ಅದೇ ನನಗೆ ಸಮಾಧಾನವಾಗದ ವಿಷಯ.

ಎಥನಾಲ್‌ನಲ್ಲಿ ಆಮ್ಲಜನಕ ಮೊದಲೇ ಸೇರಿರುವುದರಿಂದ ಅದು ಉರಿಯಲು ಕಡಿಮೆ ಗಾಳಿ ಸಾಕು. ಒಂದು ಕಿಲೋ ಶುದ್ಧ ಪೆಟ್ರೋಲ್‌ಗೆ ಸುಮಾರು 14.7 ಕಿಲೋ ಗಾಳಿ ಬೇಕು, ಇ10ಕ್ಕೆ ಸುಮಾರು 14.1, ಇ20ಕ್ಕೆ ಸುಮಾರು 13.5. ಹಾಗಾಗಿ ಅಷ್ಟೇ ಗಾಳಿಗೆ ಇಂಜೆಕ್ಟರ್ ಹೆಚ್ಚು ಇಂಧನ ಸುರಿಸಬೇಕಾಗುತ್ತದೆ. ಹೊಗೆ ಕೊಳವೆಯಲ್ಲಿರುವ ಆಕ್ಸಿಜನ್ ಸೆನ್ಸರ್ ಈ ಕೊರತೆಯನ್ನು ಗುರುತಿಸುತ್ತದೆ; ಎಂಜಿನ್ ಕಂಪ್ಯೂಟರ್ ತಿದ್ದುಪಡಿ ಮಾಡಿ, ಅದನ್ನು ಶೇಕಡಾವಾರಿನಲ್ಲಿ ನೆನಪಿಟ್ಟುಕೊಳ್ಳುತ್ತದೆ. ಸ್ಕ್ಯಾನರ್‌ನಲ್ಲಿ ಇದು LTFT ಎಂದು ಕಾಣಿಸುತ್ತದೆ. ಇ10ರಿಂದ ಇ20ಕ್ಕೆ ಹೋದಾಗ ಅದು ಹೆಚ್ಚೆಂದರೆ ನಾಲ್ಕೈದು ಅಂಶ ಏರಬೇಕು, ಇಷ್ಟರಿಂದ ದೀಪ ಹೊತ್ತುವುದಿಲ್ಲ.

ಸ್ಕ್ಯಾನರ್ ಎರವಲು ತಂದು ಇ10ರಲ್ಲೇ ನೋಡಿದೆ. ಎಂಜಿನ್ ಸುಮ್ಮನೆ ತಿರುಗುವಾಗ LTFT +18 ಇತ್ತು, 2500 ಸುತ್ತಿನಲ್ಲಿ +5ಕ್ಕೆ ಇಳಿಯಿತು. ಈ ವ್ಯತ್ಯಾಸವೇ ಗುಟ್ಟನ್ನು ಬಿಟ್ಟುಕೊಟ್ಟಿತು. ಇಂಧನದ ಬಗೆ ಬದಲಾದರೆ ತಿದ್ದುಪಡಿ ಎಲ್ಲ ವೇಗದಲ್ಲೂ ಹೆಚ್ಚುಕಡಿಮೆ ಒಂದೇ ಸಮನೆ ಏರುತ್ತದೆ. ಒಳಬರುವ ಗಾಳಿಯನ್ನು ಅಳೆಯುವ ಸೆನ್ಸರ್‌ನ ಲೆಕ್ಕಕ್ಕೆ ಸಿಗದೆ ಗಾಳಿ ಸೇರುತ್ತಿದ್ದರೆ, ಎಂಜಿನ್ ನಿಧಾನವಾಗಿ ತಿರುಗುವಾಗ ಅದರ ಪಾಲು ದೊಡ್ಡದು, ವೇಗ ಹೆಚ್ಚಿದಂತೆ ಚಿಕ್ಕದು. ಗಾಳಿ ಒಳಬರುವ ಕೊಳವೆಯ ಮಡಿಕೆಯೊಂದನ್ನು ಬಗ್ಗಿಸಿದಾಗ ಬೆರಳುಗುರಿನಷ್ಟು ಉದ್ದದ ಬಿರುಕು ಬಾಯ್ದೆರೆಯಿತು. ಹಳೆಯ ಬಿರುಕು +18ರವರೆಗೆ ಒಯ್ದಿತ್ತು, ಅದರ ಮೇಲೆ ಇ20 ನಾಲ್ಕು ಅಂಶ ಸೇರಿಸಿ ಮಿತಿ ದಾಟಿಸಿತ್ತು. ಕೊಳವೆ ಬದಲಿಸಿದ ಮೇಲೆ ಇ10ರಲ್ಲಿ +2, ಇ20ರಲ್ಲಿ +6. ನಡುಕ ಎರಡರಲ್ಲೂ ಇಲ್ಲ.

ಮೈಲೇಜನ್ನು ರಿಪೇರಿಯ ನಂತರವೇ ಅಳೆದೆ, ಮೊದಲೇ ಅಳೆದಿದ್ದರೆ ಬಿರುಕಿನ ನಷ್ಟವನ್ನೂ ಎಥನಾಲ್ ಲೆಕ್ಕಕ್ಕೆ ಹಾಕಿಬಿಡುತ್ತಿದ್ದೆ. ಅದೇ ದಾರಿಯಲ್ಲಿ ಟ್ಯಾಂಕ್ ತುಂಬಿಸಿ ಮತ್ತೆ ತುಂಬಿಸುವ ಕ್ರಮದಲ್ಲಿ ಐದೈದು ಟ್ಯಾಂಕ್ ನೋಡಿದಾಗ ಇ10ರಲ್ಲಿ ಲೀಟರಿಗೆ 16.8 ಕಿಲೋಮೀಟರ್, ಇ20ರಲ್ಲಿ 16.2 ಸಿಕ್ಕಿತು, ಅಂದರೆ ಶೇ. 3.6ರಷ್ಟು ಇಳಿಕೆ. ಒಂದು ಲೀಟರ್ ಎಥನಾಲ್‌ನಲ್ಲಿರುವ ಶಕ್ತಿ ಪೆಟ್ರೋಲ್‌ನ ಮೂರನೆಯ ಎರಡು ಪಾಲಿನಷ್ಟೇ ಆಗಿರುವುದರಿಂದ ಲೆಕ್ಕದಲ್ಲಿ ಬರಬೇಕಾದುದೂ ಸುಮಾರು ಅಷ್ಟೇ. ಲೀಟರಿನ ಬೆಲೆ ಅಷ್ಟು ಪಾಲು ಕಡಿಮೆಯಿಲ್ಲದಿದ್ದರೆ ಇ20ರಲ್ಲಿ ನನಗೆ ಉಳಿತಾಯವಿಲ್ಲ. ಎಥನಾಲ್‌ನ ಆಕ್ಟೇನ್ ಹೆಚ್ಚೆಂಬುದು ನಿಜ, ಅದನ್ನು ಬಳಸಿಕೊಳ್ಳುವಂತೆ ಹೊಂದಿಸಿದ ಎಂಜಿನ್‌ಗೆ ಮಾತ್ರ ಅದರಿಂದ ಲಾಭ.

ಹೀಗೆ ಇ20 ನಿರ್ದೋಷಿಯಾದರೂ ನಾನು ಇ10ರಲ್ಲೇ ಇರುವುದಕ್ಕೆ ಕಾರಣ ಕೈಪಿಡಿ. ಕೊಳ್ಳುವಾಗ ನಾನು ಓದಿದ್ದು ಅದೇ ಹೆಸರಿನ, ಆದರೆ ನನ್ನದಕ್ಕಿಂತ ಒಂದು ವರ್ಷ ಈಚೆಗೆ ತಯಾರಾದ ಕಾರಿನ ಕೈಪಿಡಿ. ಅದರಲ್ಲಿ ಎಥನಾಲ್ ಶೇ. 20ರವರೆಗೆ ಎಂದಿತ್ತು, ನನ್ನ ಕಾರಿನದರಲ್ಲಿ ಶೇ. 10. ಆದ್ದರಿಂದ ನಿಮ್ಮ ಎಂಜಿನ್‌ಗೂ ತಯಾರಾದ ವರ್ಷಕ್ಕೂ ಸೇರಿದ ಕೈಪಿಡಿಯಲ್ಲೇ ಗರಿಷ್ಠ ಪ್ರಮಾಣವನ್ನು ನೋಡಿ, ಪೆಟ್ರೋಲ್ ಮುಚ್ಚಳದ ಒಳಗಿನ ಸ್ಟಿಕ್ಕರ್‌ನೊಂದಿಗೆ ಹೋಲಿಸಬೇಕು. ಇನ್ನೊಂದು ಸೂಕ್ಷ್ಮವಿದೆ: ರಬ್ಬರ್ ಕೊಳವೆ, ಸೀಲ್, ಪಂಪ್ ತಡೆದುಕೊಳ್ಳುತ್ತವೆ ಎಂಬುದು ಒಂದು ಮಾತು, ಎಂಜಿನ್ ಅದಕ್ಕೆಂದೇ ಹೊಂದಿಸಲ್ಪಟ್ಟಿದೆ ಎಂಬುದು ಬೇರೆ. ಎರಡನೆಯದನ್ನು ಸ್ಕ್ಯಾನರ್‌ನಿಂದ ಒಂದಿಷ್ಟು ಊಹಿಸಬಹುದು. ಮೊದಲನೆಯದು ಹತ್ತು ಟ್ಯಾಂಕ್ ಪ್ರಯೋಗದಲ್ಲಿ ತಿಳಿಯುವುದಿಲ್ಲ, ಸೀಲ್ ಸೋರುವ ಹೊತ್ತಿಗೆ ವರ್ಷಗಳು ಕಳೆದಿರುತ್ತವೆ.

ಇ85 ಈ ಹೋಲಿಕೆಗೇ ಬರುವುದಿಲ್ಲ. ಅದಕ್ಕೆ ಬೇಕಾದ ಹೆಚ್ಚುವರಿ ಇಂಧನ ಸಾಮಾನ್ಯ ಕಾರಿನ ತಿದ್ದುಪಡಿಯ ಮಿತಿಯನ್ನೇ ಮೀರುತ್ತದೆ, ಫ್ಲೆಕ್ಸ್ ಫ್ಯುಯೆಲ್ ಎಂದು ಬರೆದಿರುವ ಕಾರಿಗೆ ಮಾತ್ರ ಅದು.

ನನ್ನ ಕಾರು ವಾರಗಟ್ಟಲೆ ನಿಂತಿರುತ್ತದೆ, ಅದನ್ನು ಇನ್ನೂ ಏಳೆಂಟು ವರ್ಷ ಇಟ್ಟುಕೊಳ್ಳುವ ಇರಾದೆಯಿದೆ, ಇಂಧನ ಪಂಪ್ ಬದಲಿಸುವ ಖರ್ಚು ಸದ್ಯಕ್ಕೆ ಬೇಡ. ಆ ಒಂದು ವರ್ಷ ಈಚಿನ ಕಾರನ್ನೇ ಕೊಂಡಿದ್ದರೆ ಯೋಚಿಸದೆ ಇ20 ಹಾಕಿಸುತ್ತಿದ್ದೆ.