ಅಮ್ಮಂಗೆ ಫೋನ್ ತಗೊಳ್ಳೋ ಮುಂಚೆ ಓದಿ: ನಾನು "ಸಾಕು" ಅಂದಿದ್ದು ಅವಳಿಗೆ "ಹಾಕು" ಅಂತ ಕೇಳಿಸ್ತು

ಅಮ್ಮಂಗೆ 76 ವರ್ಷ, ಒಬ್ಬಳೇ ಇರ್ತಾಳೆ, ನಾನು ದೂರದಲ್ಲಿದ್ದೀನಿ. ಅವಳಿಗೆ ಕಣ್ಣಿನ ಪೊರೆ ಆಪರೇಷನ್ ಆಯ್ತು, ಆದ್ಮೇಲೆ ಎರಡು ಥರ ಡ್ರಾಪ್ಸ್ ಕೊಟ್ಟಿದ್ರು. ಅದ್ರಲ್ಲಿ ಒಂದು ಸ್ಟೀರಾಯ್ಡ್ ಇರೋದು, ವಾರ ವಾರಕ್ಕೂ ಕಡಿಮೆ ಮಾಡ್ತಾ ಬಂದು ಒಂದು ದಿನ ಪೂರ್ತಿ ನಿಲ್ಲಿಸ್ಬೇಕು. ಆ ಚೀಟಿಯ ಫೋಟೋ ನನ್ ಹತ್ರ ಇತ್ತು, ನಾನೇ ದಿನಾ ಫೋನ್ ಮಾಡಿ ಹೇಳ್ತಿದ್ದೆ. ನಿಲ್ಲಿಸೋ ದಿನ ಫೋನ್ ಮಾಡಿ "ಅಮ್ಮ, ಆ ಗುಲಾಬಿ ಮುಚ್ಚಳದ ಡ್ರಾಪ್ಸ್ ಇನ್ನು ಸಾಕು" ಅಂದೆ. "ಹೂಂ, ಆಯ್ತಪ್ಪ" ಅಂದ್ಲು.

11 ದಿನ ಆದ್ಮೇಲೆ ಊರಿಗೆ ಹೋದೆ. ಮಂಚದ ಪಕ್ಕ ಅದೇ ಗುಲಾಬಿ ಮುಚ್ಚಳದ ಬಾಟಲಿ, ಅದೂ ಹೊಸದು, ಅರ್ಧ ಖಾಲಿ. ಯಾಕಮ್ಮ ಇನ್ನೂ ಹಾಕ್ಕೊತಿದ್ದೀಯ ಅಂದ್ರೆ "ನೀನೇ ಹೇಳಿದ್ಯಲ್ಲೋ, ಇನ್ನೂ ಹಾಕು ಅಂತ" ಅಂದ್ಲು. ನಂಗೆ ಒಂದು ಕ್ಷಣ ಮಾತೇ ಹೊರಡ್ಲಿಲ್ಲ. ಸ್ಟೀರಾಯ್ಡ್ ಡ್ರಾಪ್ಸ್ ಬೇಕಾದ್ದಕ್ಕಿಂತ ಹೆಚ್ಚು ದಿನ ಹಾಕಿದ್ರೆ ಕೆಲವರಿಗೆ ಕಣ್ಣಿನ ಒಳಗಿನ ಒತ್ತಡ ಏರುತ್ತೆ, ಅದು ಹಾಗೇ ಇದ್ರೆ ಕಣ್ಣಿನ ನರಕ್ಕೇ ಪೆಟ್ಟು. ಅವತ್ತೇ ಡಾಕ್ಟ್ರ ಹತ್ರ ಕರ್ಕೊಂಡು ಹೋಗಿ ಒತ್ತಡ ಚೆಕ್ ಮಾಡಿಸಿದ್ವಿ, ಸದ್ಯ ನಾರ್ಮಲ್ ಇತ್ತು.

ತಪ್ಪು ಅಮ್ಮಂದಲ್ಲ, ನಾನು ಆರಿಸಿ ಕೊಟ್ಟ ಫೋನಿಂದು. ವಯಸ್ಸಾದವರಿಗೆ ಅಂತಲೇ ಮಾಡಿರೋ ಕೀಪ್ಯಾಡ್ ಫೋನ್, ದೊಡ್ಡ ದೊಡ್ಡ ಬಟನ್, ಡಬ್ಬದ ಮೇಲೆ "ಜೋರಾದ ಸ್ಪೀಕರ್", "30 ದಿನ ಸ್ಟ್ಯಾಂಡ್‌ಬೈ" ಅಂತ ಬರೆದಿತ್ತು. ಅಂಗಡೀಲಿ ರಿಂಗ್‌ಟೋನ್ ಹಾಕಿಸಿ ಕೇಳ್ದೆ, ಆಚೆ ರಸ್ತೆಗೂ ಕೇಳೋಷ್ಟು ಜೋರು, ಇದೇ ಸರಿ ಅಂತ ತಂದ್ಬಿಟ್ಟೆ. ಅಲ್ಲೇ ಎಡವಿದ್ದು.

ರಿಂಗ್ ಹೊಡೆಯೋ ಸ್ಪೀಕರ್ ಬೇರೆ, ಕಿವಿಗೆ ಇಟ್ಕೊಂಡಾಗ ಮಾತು ಬರೋ ಇಯರ್‌ಪೀಸ್ ಬೇರೆ. ಕೀಪ್ಯಾಡ್ ಫೋನಲ್ಲಿ ಸಾಮಾನ್ಯವಾಗಿ ಹಿಂದ್ಗಡೆ ಇರೋ ದೊಡ್ಡ ಜಾಲರಿ ರಿಂಗ್‌ಗೆ, ಮುಂದೆ ಮೇಲ್ಗಡೆ ಇರೋ ಸಣ್ಣ ಸೀಳು ಮಾತಿಗೆ. ಡಬ್ಬದ ಮೇಲಿನ "ಜೋರು" ಅನ್ನೋದು ಹಿಂದಿನ ಸ್ಪೀಕರ್ ಬಗ್ಗೆ ಇರಬಹುದು, ಇಯರ್‌ಪೀಸ್ ಹೇಗಿದೆ ಅಂತ ಅದರಿಂದ ಗೊತ್ತಾಗಲ್ಲ. ಅಮ್ಮನ ಫೋನಲ್ಲಿ ಇಯರ್‌ಪೀಸ್ ಸೌಂಡ್ ಪೂರ್ತಿ ಏರಿಸಿದ್ರೆ ಮಾತು ಕರಕರ ಅಂತ ಒಡೀತಿತ್ತು, ಸ್ವಲ್ಪ ಇಳಿಸಿದ್ರೆ ಅವಳಿಗೆ ಸಾಲ್ತಿರಲಿಲ್ಲ. ಅವಳು ಅದನ್ನ ಯಾವತ್ತೂ ಹೇಳ್ಲೂ ಇಲ್ಲ, ಮಗ ತಂದುಕೊಟ್ಟಿದ್ದು ಅಂತ.

ಆಮೇಲೆ ಇನ್ನೊಂದು ವಿಷ್ಯ, ಇದು ನಂಗೆ ಕಿವಿ ಪರೀಕ್ಷೆ ಮಾಡೋರು ಹೇಳಿದ್ಮೇಲೆ ಗೊತ್ತಾಗಿದ್ದು. ವಯಸ್ಸಾದಂಗೆ ಕಿವಿ ಎಲ್ಲಾ ಶಬ್ದಾನೂ ಒಂದೇ ಸಮ ಕಳ್ಕೊಳಲ್ಲ, ಮೊದ್ಲು ಹೋಗೋದು ತೆಳ್ಳಗಿನ ಕೀಚಲು ಶಬ್ದಗಳು. ಅ, ಆ, ಉ ಥರ ಸ್ವರಗಳು ದಪ್ಪ ಶಬ್ದ, ಚೆನ್ನಾಗೇ ಕೇಳ್ಸುತ್ತೆ, ಆದ್ರೆ ಸ, ಶ, ಚ, ತ ಇವುಗಳ ಸುಯ್ಯನ್ನೋ ಭಾಗ ಮಾಸಿ ಹೋಗುತ್ತೆ. ಅದಕ್ಕೇ ಅವರು "ಕೇಳ್ಸುತ್ತೆ, ಆದ್ರೆ ಏನಂದೆ ಅಂತ ಗೊತ್ತಾಗಲ್ಲ" ಅನ್ನೋದು. ಇದರ ಮೇಲೆ ಆ ಫೋನ್ ಬರೀ 2ಜಿ. ಹರ್ಟ್ಸ್ ಜಾಸ್ತಿ ಆದಷ್ಟೂ ಶಬ್ದ ಕೀಚಲು; 2ಜಿ ಕಾಲಲ್ಲಿ ಸುಮಾರು 300ರಿಂದ 3400 ಹರ್ಟ್ಸ್ ವರೆಗಿನ ಶಬ್ದ ಮಾತ್ರ ದಾಟುತ್ತೆ, "ಸ" ಅಕ್ಷರದ ಮುಖ್ಯ ಭಾಗ ಇರೋದೇ ಅದಕ್ಕಿಂತ ಮೇಲೆ. ಅಂದ್ರೆ "ಸಾಕು" ಅನ್ನೋದರ "ಸ" ಅರ್ಧ ದಾರೀಲೇ ಕಳ್ದೋಗಿ, ಉಳಿದಿದ್ದು ಅಮ್ಮನ ಕಿವೀಲಿ ಕಳ್ದೋಗಿ, ಬರೀ "ಆಕು" ಅಂತ ತಲುಪಿದೆ. ಅದನ್ನ ಅವಳು ಹಾಕು ಅಂತ ತಿಳ್ಕೊಂಡಿದ್ದಾಳೆ. ಎದುರಿಗೆ ಕೂತು ಮಾತಾಡುವಾಗ ಈ ತೊಂದ್ರೆ ನಮ್ಗೆ ಗೊತ್ತೇ ಆಗಲ್ಲ, ಯಾಕಂದ್ರೆ ಅವರು ತುಟಿ ನೋಡಿ ಅರ್ಧ ಅರ್ಥ ಮಾಡ್ಕೊಂಡಿರ್ತಾರೆ.

ಹಾಗಾಗಿ ಈಗ ತಗೊಳ್ಳೋದಾದ್ರೆ ಕೀಪ್ಯಾಡ್ ಆದ್ರೂ 4ಜಿ ಇರೋದನ್ನೇ ತಗೊಳ್ಳಿ, ಸೆಟ್ಟಿಂಗ್ಸಲ್ಲಿ VoLTE, ಅಂದ್ರೆ ಕಾಲ್ ಕೂಡ 4ಜಿಯಲ್ಲೇ ಹೋಗೋ ವ್ಯವಸ್ಥೆ, ಆನ್ ಇರ್ಲಿ. ಅದ್ರಲ್ಲಿ ಬರೋ ಎಚ್‌ಡಿ ವಾಯ್ಸ್ ಸುಮಾರು 7000 ಹರ್ಟ್ಸ್ ವರೆಗೂ ಶಬ್ದ ದಾಟಿಸುತ್ತೆ, ಮಾತು 2ಜಿಗಿಂತ ಬಿಡಿಬಿಡಿಯಾಗಿ ಕೇಳುತ್ತೆ. ಒಂದು ನೆನಪಿಡಿ, ಇದು ಎರಡೂ ಕಡೆ ಇರ್ಬೇಕು, ನಿಮ್ಮ ಫೋನಲ್ಲೂ ಆನ್ ಇರ್ಬೇಕು, ನೆಟ್‌ವರ್ಕ್ ಕೂಡ ಕೊಡ್ಬೇಕು, ಒಂದು ಕಡೆ ಇಲ್ಲಾಂದ್ರೂ ಕಾಲ್ ಹಳೇ ಥರಕ್ಕೇ ಇಳಿಯುತ್ತೆ. ಅಪ್ಪ ಅಮ್ಮ ಕಿವಿಗೆ ಹಿಯರಿಂಗ್ ಏಡ್ ಹಾಕೋರಾದ್ರಂತೂ 2ಜಿ ಫೋನ್ ಹತ್ರ ತಂದ್ರೆ ಏಡಲ್ಲಿ ಗುರ್ರ್ ಅಂತ ಸದ್ದು ಬರೋ ಸಾಧ್ಯತೆ ಜಾಸ್ತಿ, ಏಡ್ ಹಾಕ್ಕೊಂಡೇ ಫೋನ್ ಕಿವಿಗೆ ಇಡಿಸಿ ನೋಡಿ.

ಪರೀಕ್ಷೆ ಹೇಗೆ ಮಾಡೋದು ಅಂದ್ರೆ, ದಯವಿಟ್ಟು "ಕೇಳ್ಸುತ್ತಾ?" ಅಂತ ಮಾತ್ರ ಕೇಳ್ಬೇಡಿ, ಎಲ್ಲರೂ ಹೂಂ ಅಂತಾರೆ. ನಾನು ಎರಡನೇ ಫೋನ್ ತರೋವಾಗ ಅಮ್ಮನ್ನ ಅಂಗಡಿಗೆ ಕರ್ಕೊಂಡು ಹೋಗಿ ಅವಳ ಸಿಮ್ ಹಾಕಿಸಿ, ನಾನು ಆಚೆ ಅವಳಿಗೆ ನನ್ ಮುಖ ಕಾಣದ ಕಡೆ ನಿಂತು ಫೋನ್ ಮಾಡಿ ಒಂದೊಂದೇ ಪದ ಹೇಳ್ದೆ: ಸಾಕು, ಹಾಲು, ಸಾಲು, ಕಾಲು, ಹುಳಿ, ಸುಳಿ, ಹೀಗೆ 10 ಪದ, ಅವಳು ಕೇಳಿಸಿದ್ದನ್ನ ವಾಪಸ್ ಹೇಳ್ಬೇಕು. ಹಳೇ ಫೋನಲ್ಲಿ 5 ಸರಿ ಬಂತು, 4ಜಿ ಕೀಪ್ಯಾಡಲ್ಲಿ 9. ಅಂಗಡಿಯವರು ಎರಡು ಬೇರೆ ಮಾಡೆಲ್ ತೋರಿಸಿದ್ರು, ಒಂದ್ರಲ್ಲಿ ರಿಂಗ್ ಭಾರಿ ಜೋರು ಆದ್ರೆ ಪದ 6ಕ್ಕೇ ನಿಂತೋಯ್ತು, ವಾಪಸ್ ಕೊಟ್ವಿ. ಹತ್ತು ನಿಮಿಷದ ಕೆಲ್ಸ ಇದು. ಮೊದಲನೇ ಸಲಾನೇ ಮಾಡಿದ್ರೆ ಆ 11 ದಿನ ಇರ್ತಿರಲಿಲ್ಲ.

ರಿಂಗ್‌ಟೋನ್ ವಿಷ್ಯದಲ್ಲೂ ಅದೇ ಕಥೆ. ನಮ್ ಕಿವಿಗೆ ಚುಚ್ಚೋ ಕೀಚಲು ಟೋನ್ ಅವರಿಗೆ ಜೋರಲ್ಲ. ಹಳೇ ಕಾಲದ ಲ್ಯಾಂಡ್‌ಲೈನ್ ಗಂಟೆ ಥರದ್ದು, ಸ್ವಲ್ಪ ದಪ್ಪ ದನಿ ಇರೋದನ್ನ ಹಾಕಿ, ಜೊತೆಗೆ ವೈಬ್ರೇಷನ್ ಇಡಿ. ಫೋನ್ ಹಾಸಿಗೆ ಮೇಲೆ ಮಲಗಿಸಿದ್ರೆ ಹಿಂದಿನ ಸ್ಪೀಕರ್ ಮುಚ್ಚೋಗುತ್ತೆ, ಮರದ ಮೇಜಿನ ಮೇಲೆ ಇಟ್ರೆ ಅಲುಗೋ ಸದ್ದಿಗಾದ್ರೂ ಗೊತ್ತಾಗುತ್ತೆ.

ಮೆನು ಬಗ್ಗೆ ಹೇಳ್ಬೇಕಂದ್ರೆ, ಮೆನು ಸರಳ ಅಂತ ಹೇಳಿ ಮಾರೋ ಫೋನಲ್ಲೂ ಒತ್ತಿ ಹಿಡಿದ್ರೆ ಬದಲಾಗೋ ಶಾರ್ಟ್‌ಕಟ್‌ಗಳು ಅಡಗಿರ್ತವೆ. ಅಮ್ಮಂಗೆ ಬೆರಳು ನಿಧಾನ, ಬಟನ್ ಮುಟ್ಟಿದ್ರೆ ತಕ್ಷಣ ಬಿಡೋಕಾಗಲ್ಲ, ಅವಳ ಸಾದಾ ಒತ್ತು ಫೋನಿಗೆ "ಒತ್ತಿ ಹಿಡಿದಿದ್ದಾರೆ" ಅಂತ ಅನ್ಸುತ್ತೆ. ಆ ಮೊದಲ ಫೋನಲ್ಲಿ # ಒತ್ತಿ ಹಿಡಿದ್ರೆ ಸೈಲೆಂಟ್ ಆಗ್ತಿತ್ತು. ಒಂದು ಸಂಜೆ ನಾನು 9 ಸಲ ಫೋನ್ ಮಾಡ್ದೆ, ರಿಂಗ್ ಆಗ್ತಿದೆ ಎತ್ತುತ್ತಿಲ್ಲ, ಕೈಕಾಲು ನಡುಗೋಕೆ ಶುರು ಆಯ್ತು, ಕೊನೆಗೆ ಪಕ್ಕದ ಮನೆ ಆಂಟಿಗೆ ಫೋನ್ ಮಾಡಿ ಕಳಿಸಿದ್ರೆ ಅಮ್ಮ ಫೋನ್ ಪಕ್ಕದಲ್ಲೇ ಕೂತಿದ್ದಾಳೆ, "ಇವತ್ಯಾಕೋ ಅವನು ಫೋನೇ ಮಾಡಿಲ್ಲ" ಅಂತ ಅಂದ್ಕೊಂಡು. ಸ್ಕ್ರೀನ್ ಮೂಲೇಲಿ ಗೆರೆ ಎಳೆದ ಗಂಟೆ ಚಿತ್ರ ಇತ್ತು, ಸಾಸಿವೆ ಕಾಳಿನಷ್ಟು, ಪೊರೆ ಬಂದ ಕಣ್ಣಿಗೆ ಅದು ಎಲ್ಲಿ ಕಾಣ್ಬೇಕು?

ಅದಕ್ಕೆ ತಗೊಳ್ಳೋ ಮುಂಚೆ ಪ್ರತಿಯೊಂದು ಬಟನ್ನನ್ನೂ ಮೂರು ನಾಲ್ಕು ಸೆಕೆಂಡ್ ಒತ್ತಿ ಹಿಡಿದು ಏನಾಗುತ್ತೆ ನೋಡಿ, 0ಯಿಂದ 9, *, #, ಮಧ್ಯದ ಬಟನ್, ಎಲ್ಲಾ. ಸೈಲೆಂಟ್ ಆಗೋದಿದ್ರೆ ಆ ಶಾರ್ಟ್‌ಕಟ್ ಆಫ್ ಮಾಡೋಕೆ ಸೆಟ್ಟಿಂಗ್ಸಲ್ಲಿ ಇದೆಯಾ ಅಂತ ಹುಡುಕಿ, ಇಲ್ಲಾಂದ್ರೆ ಆ ಫೋನ್ ಬಿಡಿ, ಬೇರೆ ಎಲ್ಲಾ ಚೆನ್ನಾಗಿದ್ರೂ ಬಿಡಿ. ಈಗಿನ ಫೋನಲ್ಲಿ 2ರ ಬಟನ್ ಒತ್ತಿ ಹಿಡಿದ್ರೆ ನಂಗೆ ಕಾಲ್ ಬರುತ್ತೆ, 3 ಒತ್ತಿ ಹಿಡಿದ್ರೆ ಅಕ್ಕಂಗೆ. ಅಮ್ಮನ ನಿಧಾನ ಬೆರಳು ಇಲ್ಲಿ ಅನುಕೂಲಕ್ಕೇ ಬಂತು, ಮೆನು ಒಳಗೆ ಹೋಗೋ ಪ್ರಮೇಯವೇ ಇಲ್ಲ ಅವಳಿಗೆ.

ಬ್ಯಾಟರಿ 30 ದಿನ ಅಂದಿದ್ದು ಎರಡೇ ದಿನಕ್ಕೆ ಮುಗೀತಿತ್ತು. ಬ್ಯಾಟರಿ ಕೆಟ್ಟಿದೆ ಅಂದ್ಕೊಂಡು ಬದಲಾಯಿಸ್ದೆ, ಏನೂ ಆಗ್ಲಿಲ್ಲ. ಕಾರಣ ಎರಡಿತ್ತು. ಎರಡನೇ ಸಿಮ್ ಜಾಗದಲ್ಲಿ ನಾನೇ ಹಾಕಿದ್ದ, ರೀಚಾರ್ಜ್ ಇಲ್ದೆ ಬಂದ್ ಆಗಿದ್ದ ಹಳೇ ಸಿಮ್, ಅದಕ್ಕೆ ನೆಟ್‌ವರ್ಕ್ ಸಿಗದೇ ಫೋನ್ ರಾತ್ರಿ ಹಗಲು ಹುಡುಕ್ತಾನೇ ಇರ್ತಿತ್ತು. ಇನ್ನೊಂದು, ಅಮ್ಮನ ಕೋಣೆ ಮನೆ ಒಳಗಡೆ, ಸಿಗ್ನಲ್ ಒಂದೇ ಕಡ್ಡಿ, ಸಿಗ್ನಲ್ ಕಡಿಮೆ ಇದ್ದಷ್ಟೂ ಫೋನ್ ಟವರನ್ನ ಮುಟ್ಟೋಕೆ ಜೋರಾಗಿ ಕೂಗ್ಬೇಕು, ಚಾರ್ಜ್ ತಿನ್ನುತ್ತೆ. ಡಬ್ಬದ ಮೇಲಿನ ದಿನದ ಲೆಕ್ಕ ಒಳ್ಳೇ ಸಿಗ್ನಲಲ್ಲಿ, ಒಂದು ಕಾಲೂ ಮಾಡದೇ ಸುಮ್ನೆ ಇಟ್ಟಾಗಿಂದು. ಹಳೇ ಸಿಮ್ ತೆಗೆದು ಫೋನ್ ಇಡೋ ಜಾಗಾನ ಕಿಟಕಿ ಹತ್ರ ಮಾಡಿದ್ಮೇಲೆ ಅದೇ ಬ್ಯಾಟರಿ ಐದು ದಿನ ಬಂತು. ಹೊಸಾ ಫೋನ್ 4ಜಿ ಆದ್ರಿಂದ ನಾಲ್ಕು ದಿನ ಬರುತ್ತೆ, ಆದ್ರೂ ನಾವು ಭಾನುವಾರ, ಬುಧವಾರ ಅಂತ ದಿನ ಗೊತ್ತು ಮಾಡ್ಕೊಂಡು ಚಾರ್ಜಿಗೆ ಹಾಕಿಸ್ತೀವಿ, ಆ ಮೂರು ಕಡ್ಡಿ ಗುರುತು ನಂಬೋಕಾಗಲ್ಲ, ಕೊನೇ ಕಡ್ಡಿ ಎಷ್ಟೊತ್ತು ಇರುತ್ತೋ ಗೊತ್ತಾಗಲ್ಲ. ಚಾರ್ಜರ್ ಪಿನ್ ಹೇಗೆ ತಿರುಗಿಸಿದ್ರೂ ಕೂರೋ ಟೈಪ್ ಸಿ ಇದ್ರೆ ಒಳ್ಳೇದು, ಮೊದಲನೇ ಫೋನಿನ ಸಣ್ಣ ಪಿನ್ನನ್ನ ಅಮ್ಮ ಉಲ್ಟಾ ತುರುಕಿ ಸಾಕೆಟ್ಟೇ ಮುರಿದಿತ್ತು.

ಮತ್ತೆ ಔಷಧದ ವಿಷ್ಯ ಎಷ್ಟೇ ಒಳ್ಳೇ ಫೋನಲ್ಲೂ ನಾನೀಗ ಒಂದೇ ಪದದಲ್ಲಿ ಹೇಳಲ್ಲ. "ಗುಲಾಬಿ ಮುಚ್ಚಳದ್ದು ನಿಲ್ಲಿಸಿಬಿಡು, ಬಾಟಲಿ ತೆಗೆದು ಬೀರು ಒಳಗಿಡು" ಅಂತೀನಿ, ಆಮೇಲೆ "ಈಗ ಏನ್ ಮಾಡ್ತೀಯ ಹೇಳು" ಅಂತ ಕೇಳ್ತೀನಿ. ಅವಳು "ನಿಲ್ಲಿಸಿ ಬೀರೂಲಿ ಇಡ್ತೀನಿ" ಅಂದ್ಮೇಲೇನೇ ಫೋನ್ ಇಡೋದು.