ಬಾಹ್ಯ ಪರೀಕ್ಷಕರಾಗಲು ಒಪ್ಪುವವರಿಗೆ ಎಚ್ಚರಿಕೆ: ಮೊತ್ತ ತುಂಬದ ಬಿಲ್ಲಿಗೆ ಸಹಿ ಹಾಕಬೇಡಿ

ಮಹಾಪ್ರಬಂಧವನ್ನು ಒಪ್ಪಿದ ಪರೀಕ್ಷಕರಿಗೆ ಗೌರವಧನ, ತಿದ್ದಿ ತರಲಿ ಎಂದು ಬರೆದ ಪರೀಕ್ಷಕರಿಗೆ ಏನೂ ಇಲ್ಲ ಎಂಬ ನಿಯಮವನ್ನು ಯಾರಾದರೂ ಎಲ್ಲಾದರೂ ಓದಿದ್ದೀರಾ? ನಾನು ಓದಿಲ್ಲ. ಆದರೆ ನಮ್ಮ ರಾಜ್ಯದ ಒಂದು ವಿಶ್ವವಿದ್ಯಾಲಯದ ಮೌಲ್ಯಮಾಪನ ವಿಭಾಗ ನನಗೆ ಕೊಟ್ಟ ಉತ್ತರದ ತಾತ್ಪರ್ಯ ಅದೇ ಆಗಿದೆ. ಇಷ್ಟು ವರ್ಷ ಪಾಠ ಹೇಳಿದವಳು ಗೌರವಧನಕ್ಕಾಗಿ ಜಗಳವಾಡುತ್ತಿದ್ದಾಳೆ ಎಂದು ಕೆಲವರು ನಗಬಹುದು, ನನಗೂ ಇದನ್ನು ಬರೆಯಲು ಸಂಕೋಚವಿದೆ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಇಂಥದೇ ಪತ್ರ ನಾಳೆ ನಿಮಗೂ ಬರುತ್ತದೆ.

ಕುಲಸಚಿವರು (ಮೌಲ್ಯಮಾಪನ) ಅವರ ಹೆಸರಿನಲ್ಲಿ ಬಂದ ಆಹ್ವಾನ ಪತ್ರದಲ್ಲಿ ಎಲ್ಲವೂ ಇತ್ತು, ಯಾವುದೂ ಇರಲಿಲ್ಲ. ವರದಿಯನ್ನು ‘ನಿಗದಿತ ಅವಧಿಯಲ್ಲಿ’, ‘ನಿಗದಿತ ನಮೂನೆಯಲ್ಲಿ’ ಕಳುಹಿಸಬೇಕು, ಗೌರವಧನವನ್ನು ‘ನಿಯಮಾನುಸಾರ’ ಪಾವತಿಸಲಾಗುವುದು ಎಂದಿತ್ತು. ಅವಧಿ ಎಷ್ಟು, ನಮೂನೆ ಯಾವುದು, ಮೊತ್ತ ಎಷ್ಟು ಎಂಬುದು ಅದರಲ್ಲಿರಲಿಲ್ಲ. ಇಂಥ ಪತ್ರಗಳು ಹೀಗೆಯೇ ಇರುತ್ತವೆ ಎಂಬುದು ನಿಮಗೂ ಗೊತ್ತು. ಒಪ್ಪಿಗೆ ಕಳುಹಿಸಿದ ಮೇಲೆ ಪ್ರಬಂಧ ಕೊರಿಯರಿನಲ್ಲಿ ಬಂತು. ಜೊತೆಗಿದ್ದ ಪತ್ರದ ಪ್ರಕಾರ ಅವಧಿ 45 ದಿನ, ಆದರೆ ಅದನ್ನು ಎಣಿಸಬೇಕಾದದ್ದು ಪ್ರಬಂಧ ನನ್ನ ಕೈಸೇರಿದ ದಿನದಿಂದಲ್ಲ, ಪತ್ರದ ಮೇಲಿದ್ದ ದಿನಾಂಕದಿಂದ. ಪತ್ರ ಟೈಪಾದ ಮೇಲೆ ಪ್ರಬಂಧ ಅವರ ಕಚೇರಿಯಲ್ಲೇ ವಾರಗಟ್ಟಲೆ ಕುಳಿತಿತ್ತು ಎಂಬುದು ಕೊರಿಯರ್ ಚೀಟಿಯನ್ನು ನೋಡಿದರೆ ತಿಳಿಯುತ್ತಿತ್ತು. ಹೋಗಲಿ, ಅದನ್ನೂ ಸಹಿಸಿಕೊಂಡೆ.

ಅದೇ ಲಕೋಟೆಯಲ್ಲಿ ಗೌರವಧನದ ಬಿಲ್ಲು ಇತ್ತು. ಹೆಸರು, ಪ್ಯಾನ್ ಸಂಖ್ಯೆ, ಬ್ಯಾಂಕ್ ಖಾತೆ, ಐಎಫ್‌ಎಸ್‌ಸಿ ಕೋಡ್ ಬರೆದು, ರದ್ದುಪಡಿಸಿದ ಚೆಕ್ ಹಾಳೆಯೊಂದನ್ನು ಲಗತ್ತಿಸಬೇಕಿತ್ತು. ಮೊತ್ತದ ಕಾಲಂ ಖಾಲಿಯಿತ್ತು, ಅದರ ಪಕ್ಕದಲ್ಲಿ ಪೆನ್ಸಿಲಿನಲ್ಲಿ ‘ಕಚೇರಿ ಉಪಯೋಗಕ್ಕೆ’ ಎಂದು ಬರೆದಿತ್ತು. ಕೆಳಗೆ ‘ಮೇಲ್ಕಂಡ ಮೊತ್ತವನ್ನು ಸ್ವೀಕರಿಸಿರುತ್ತೇನೆ’ ಎಂಬ ಅಚ್ಚಾದ ಸಾಲು, ಅದರ ಕೆಳಗೆ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪು ಅಂಟಿಸಿ ಅದರ ಮೇಲೆ ಸಹಿ ಮಾಡಲು ಒಂದು ಚೌಕ. ಐದು ಸಾವಿರ ರೂಪಾಯಿ ಮೀರಿದ ರಸೀದಿಗೆ ಮಾತ್ರ ಸ್ಟಾಂಪು ಬೇಕಾಗುವುದರಿಂದ, ಮೊತ್ತ ಅದಕ್ಕಿಂತ ಹೆಚ್ಚಿರಬೇಕು ಎಂದು ಊಹಿಸಿದೆ. ಹಣ ಬರುವ ಮೊದಲೇ ರಸೀದಿ ಕೊಡುವುದು ನಮ್ಮ ಕಚೇರಿಗಳಲ್ಲಿ ರೂಢಿ; ಎಲ್ಲರೂ ಕೊಡುತ್ತಾರೆ, ನಾನೂ ಕೊಟ್ಟೆ.

ಈಗ ಪ್ರಬಂಧದ ವಿಷಯ. ಅದು ಹಳೆ ಮೈಸೂರು ಭಾಗದ ಕೆರೆ ಶಾಸನಗಳ ಕುರಿತದ್ದು. ಮೂರನೆಯ ಅಧ್ಯಾಯದಲ್ಲಿ ಬಿತ್ತುವಟ್ಟ ದಾನಗಳ ದೊಡ್ಡ ಪಟ್ಟಿಯಿದೆ, ಅದರ ಮೇಲೆ ಶತಮಾನವಾರು ನಕ್ಷೆ, ನಕ್ಷೆಯ ಮೇಲೆ ಇಡೀ ತೀರ್ಮಾನ. ಪಟ್ಟಿಯಲ್ಲಿ ಕೆಲವು ಶಾಸನಗಳು ಎರಡೆರಡು ಸಲ ಬಂದಿವೆ. ರೈಸ್ ಅವರ ಕಾಲದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ಒಂದು ಶಾಸನಕ್ಕಿರುವ ಸಂಖ್ಯೆಯೂ, ಮೈಸೂರು ವಿಶ್ವವಿದ್ಯಾಲಯ ಪ್ರಕಟಿಸಿದ ಪರಿಷ್ಕೃತ ಸಂಪುಟಗಳಲ್ಲಿ ಅದೇ ಶಾಸನಕ್ಕಿರುವ ಸಂಖ್ಯೆಯೂ ಬೇರೆ ಬೇರೆ. ಅಭ್ಯರ್ಥಿ ಎರಡನ್ನೂ ನೋಡಿ ಎರಡನ್ನೂ ಎಣಿಸಿಬಿಟ್ಟಿದ್ದಾರೆ. ಊರು, ಶಕವರ್ಷ, ದಾನಿಯ ಹೆಸರು ಮೂರನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಯಾರಿಗಾದರೂ ಕಾಣುವ ತಪ್ಪು ಇದು. ಪ್ರಬಂಧವನ್ನು ತಿರಸ್ಕರಿಸುವಷ್ಟು ದೊಡ್ಡದಲ್ಲ, ಆದರೆ ಹಾಗೆಯೇ ಪದವಿ ಕೊಟ್ಟರೆ ತಪ್ಪು ನಕ್ಷೆ ಶೋಧಗಂಗಾದಲ್ಲಿ ಕುಳಿತು ಮುಂದಿನವರ ಅಡಿಟಿಪ್ಪಣಿಯಾಗುತ್ತದೆ. ಆದ್ದರಿಂದ ನಮೂನೆಯ ಮೂರು ಆಯ್ಕೆಗಳಲ್ಲಿ ‘ಪರಿಷ್ಕರಿಸಿ ಮರುಸಲ್ಲಿಸಬೇಕು’ ಎಂಬ ಎರಡನೆಯದಕ್ಕೆ ಗುರುತು ಹಾಕಿ, ಪುಟಸಂಖ್ಯೆಗಳ ಸಮೇತ ಕಾರಣ ಬರೆದೆ.

ವರದಿಯ ಸಹಿ ಮಾಡಿದ ಪ್ರತಿಯನ್ನು ಮೊಹರು ಮಾಡಿದ ಲಕೋಟೆಯಲ್ಲಿ ಕುಲಸಚಿವರಿಗೂ, ಸ್ಕ್ಯಾನ್ ಪ್ರತಿಯನ್ನು ಪತ್ರದಲ್ಲಿದ್ದ ಇಮೇಲ್ ವಿಳಾಸಕ್ಕೂ ಕಳುಹಿಸಬೇಕಿತ್ತು. ಆ ವಿಳಾಸ ವಿಶ್ವವಿದ್ಯಾಲಯದ್ದಲ್ಲ, ಜಿಮೇಲ್ ಖಾತೆ. ಇಮೇಲ್ ಹೋದ ಮಾರನೆಯ ದಿನವೇ, ಲಕೋಟೆ ಇನ್ನೂ ಅಂಚೆಯಲ್ಲಿರುವಾಗಲೇ, ಅಭ್ಯರ್ಥಿಯ ಮಾರ್ಗದರ್ಶಕರು ಫೋನ್ ಮಾಡಿದರು.

“ಮೇಡಂ, ಪಟ್ಟಿ 3.2ರ ವಿಚಾರ ಅಷ್ಟು ದೊಡ್ಡದೇನಲ್ಲ. ಮೊದಲನೆಯದಕ್ಕೇ ಗುರುತು ಹಾಕಿ, ಇದನ್ನೆಲ್ಲ ಸಲಹೆ ಅಂತ ಕೆಳಗೆ ಬರೆದುಕೊಡಿ. ವೈವಾ ಮುಗಿಸಿ ತಿದ್ದಿಸ್ತೀವಿ.”

ನನ್ನ ಗೌಪ್ಯ ವರದಿಯಲ್ಲಿ ಮಾತ್ರ ಇದ್ದ ಸಾಲು ಅವರ ಬಾಯಲ್ಲಿತ್ತು. ಅದು ನಿಮಗೆ ಹೇಗೆ ತಿಳಿಯಿತು ಎಂದು ಕೇಳಿದರೆ “ಕಚೇರಿಯಲ್ಲಿ ಹೇಳಿದರು” ಎಂದರು, ಅದರಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲವೆಂಬಂತೆ. ವರದಿ ಬದಲಾಯಿಸುವುದಿಲ್ಲ ಎಂದೆ. “ನಿಮ್ಮಿಷ್ಟ ಮೇಡಂ, ತೊಂದರೆ ತಗೊಂಡಿದ್ದೀರಿ” ಎಂದು ಫೋನಿಟ್ಟರು. ಆ ‘ತೊಂದರೆ’ ಏನೆಂದು ಆಗ ಅರ್ಥವಾಗಲಿಲ್ಲ.

ಹಣ ಬರದಿದ್ದಾಗ ಕಚೇರಿಗೆ ಬರೆದೆ. ವೈವಾ ಮುಗಿದ ನಂತರ ಪಾವತಿ ಎಂಬ ಉತ್ತರ ಬಂತು. ವೈವಾ ಮುಗಿಯಿತು ಎಂದು ಬೇರೆಯವರಿಂದ ತಿಳಿದು ಮತ್ತೆ ಬರೆದರೆ, ತಾವು ಮೊತ್ತ ಸ್ವೀಕರಿಸಿ ರಸೀದಿ ನೀಡಿರುವುದು ಕಡತದಲ್ಲಿದೆ ಎಂಬ ಉತ್ತರ ಬಂತು! ನನ್ನದೇ ಸಹಿ, ನನ್ನದೇ ಸ್ಟಾಂಪು. ಹಣ ಕಳುಹಿಸಿದ್ದರೆ ಬ್ಯಾಂಕಿನ ಯುಟಿಆರ್ ಸಂಖ್ಯೆ ಕೊಡಿ ಎಂದಾಗ ಲೆಕ್ಕಪತ್ರ ಶಾಖೆಯನ್ನು ಕೇಳಿ ಎಂದರು. ಲೆಕ್ಕಪತ್ರ ಶಾಖೆಯ ಗುಮಾಸ್ತರೊಬ್ಬರು ಮಾತ್ರ ಫೋನಿನಲ್ಲಿ ಇದ್ದದ್ದನ್ನು ಇದ್ದಂತೆ ಹೇಳಿದರು: “ನಿಮ್ಮ ರಿಪೋರ್ಟು ನೆಗೆಟಿವ್ ಅಂತ ಬೇರೆ ಎಕ್ಸಾಮಿನರಿಗೆ ಕಳಿಸಿದಾರಲ್ಲ ಮೇಡಂ, ಬಿಲ್ಲು ಅವರದು ಪಾಸಾಗಿದೆ. ಒಂದು ಸ್ಥಾನಕ್ಕೆ ಎರಡು ಬಿಲ್ಲು ಮಾಡೋಕೆ ಬರಲ್ಲ.”

ಫೋನ್ ಕೈಯಲ್ಲಿ ಹಿಡಿದು ಸುಮ್ಮನೆ ಕುಳಿತೆ. ಪ್ರಬಂಧವನ್ನು ಓದಿ ಓದಿ, ಸಂಪುಟಗಳನ್ನು ಕೆಳಗಿಳಿಸಿ ತಾಳೆ ನೋಡಿದ್ದು ನಾನು; ಆ ಕೆಲಸದ ಗೌರವಧನ ನಾನು ಹಾಕಿದ ಒಂದು ಗುರುತಿನ ಮೇಲೆ ನಿಂತಿತ್ತು ಎಂದು ನನಗೆ ಯಾರೂ ಹೇಳಿರಲಿಲ್ಲ. ಒಬ್ಬ ಬಾಹ್ಯ ಪರೀಕ್ಷಕರು ತಿರಸ್ಕಾರಕ್ಕೆ ಶಿಫಾರಸು ಮಾಡಿದರೆ ಪ್ರಬಂಧವನ್ನು ಪಟ್ಟಿಯಲ್ಲಿರುವ ಇನ್ನೊಬ್ಬರಿಗೆ ಕಳುಹಿಸಬೇಕೆಂದು ಯುಜಿಸಿಯ 2022ರ ಪಿಎಚ್.ಡಿ. ನಿಯಮಾವಳಿ ಹೇಳುವುದು ನಿಜ. ಆದರೆ ತಿದ್ದಿ ತರಲಿ ಎಂದದ್ದನ್ನು ತಿರಸ್ಕಾರ ಎಂದು ಎಣಿಸಿದವರು ಯಾರು, ಮೊದಲನೆಯವರು ಮಾಡಿದ ಕೆಲಸಕ್ಕೆ ಹಣ ಕೊಡಬೇಡಿ ಎಂದವರು ಯಾರು? ಕೇಳಿದರೆ ‘ನಿಯಮಾನುಸಾರ’ ಎನ್ನುತ್ತಾರೆ. ನಿಯಮದ ಪ್ರತಿ ಕೇಳಿದರೆ ಉತ್ತರವಿಲ್ಲ.

ಒಪ್ಪಿಗೆ ಕೊಡುವ ಮೊದಲು ಮೊತ್ತ ಎಷ್ಟು, ವರದಿ ಏನೇ ಇದ್ದರೂ ಅದು ಸಿಗುತ್ತದೆಯೇ, ದಿನಗಳ ಎಣಿಕೆ ಯಾವಾಗಿನಿಂದ ಎಂಬುದನ್ನು ಲಿಖಿತವಾಗಿ ಪಡೆದುಕೊಳ್ಳಿ. ವರದಿಯ ನಮೂನೆಯನ್ನು ಮೊದಲೇ ತರಿಸಿಕೊಂಡು ನೋಡಿ. ಅಧಿಕೃತ ವಿಳಾಸವಲ್ಲದ ಯಾವ ಇಮೇಲಿಗೂ ವರದಿ ಕಳುಹಿಸಬೇಡಿ, ಯಾರು ಒತ್ತಾಯಿಸಿದರೂ ಸರಿ. ಮೊತ್ತ ಬರೆಯದ ಬಿಲ್ಲಿಗೆ ಸ್ಟಾಂಪು ಅಂಟಿಸಬೇಡಿ. ರೂಢಿ ಎಂದರೆ, ಆ ರೂಢಿಯಿಂದ ನನಗೇನಾಯಿತೆಂದು ಹೇಳಿ.

ನನ್ನ ಹೆಸರಿನ ಬಿಲ್ಲಿನ ಮೊತ್ತದ ಕಾಲಂನಲ್ಲಿ ಈಗ ಏನು ಬರೆದಿದೆ, ಅದರ ಆಧಾರದ ಮೇಲೆ ಯಾರ ಖಾತೆಗಾದರೂ ಹಣ ಹೋಗಿದೆಯೇ ಎಂದು ಮಾಹಿತಿ ಹಕ್ಕಿನ ಅಡಿಯಲ್ಲಿ ಅರ್ಜಿ ಹಾಕಿದ್ದೇನೆ. ಬಿಲ್ಲಿನ ದೃಢೀಕೃತ ಪ್ರತಿಯನ್ನೂ ಕೇಳಿದ್ದೇನೆ. ಉತ್ತರ ಬಂದರೆ ಅದನ್ನು ಇದ್ದಂತೆಯೇ ಇಲ್ಲಿ ಹಾಕುತ್ತೇನೆ.