ದೊಡ್ಡ ಫೋನು, ಸಣ್ಣ ಕೈ: ವನ್ ಹ್ಯಾಂಡೆಡ್ ಮೋಡ್ ವರ್ಷದ ಮ್ಯಾಲೆ ಬಳಸಿದ್ ಅನುಭವ

ನಂದು 6.7 ಇಂಚಿನ ಸ್ಯಾಮ್‌ಸಂಗ್ ಫೋನ್, ತಗೊಂಡು ವರ್ಷದ ಮ್ಯಾಲಾತು. ಕ್ಯಾಮೆರಾ ಬ್ಯಾಟರಿ ಬಗ್ಗೆ ಎಲ್ಲಾರೂ ಬರದಾರ, ಅದು ಬಿಡ್ರಿ. ನಾ ಕಲಬುರಗಿಯಿಂದ ಆಳಂದಕ್ಕ ದಿನಾ ಬಸ್‌ನಾಗ ಹೋಗಾಕಿ, ಸೀಟ್ ಸಿಗೋದು ಅಷ್ಟಕ್ಕಷ್ಟೇ, ಒಂದು ಕೈ ರಾಡ್ ಹಿಡದಿರ್ತದ, ಇನ್ನೊಂದ್ರಾಗ ಫೋನು, ಹೆಬ್ಬೆಟ್ಟು ಸ್ಕ್ರೀನಿನ ಅರ್ಧಕ್ಕ ಹೋಗಿ ನಿಂತುಬಿಡ್ತದ.

ಡಿಸ್‌ಪ್ಲೇ ಸೈಜ್ ಸಣ್ಣ ಮಾಡ್ರಿ ಅಂತ ಭಾಳ ಮಂದಿ ಹೇಳ್ತಾರ. ಅದ್ರಿಂದ ಐಕಾನ್ ಸಣ್ಣ ಆಗ್ತಾವ, ಒಂದೆರಡು ಸಾಲು ಜಾಸ್ತಿ ಕಾಣ್ತದ, ಆದ್ರ ಎಡಗಡಿ ಮ್ಯಾಲಿನ ಮೂಲ್ಯಾಗಿನ ಮೆನು ಅಲ್ಲೇ ಇರ್ತದ, ಗಾಜೇನು ಸಣ್ಣ ಆಗಂಗಿಲ್ಲಲ್ರಿ!

ಖರೇ ಉಪಯೋಗ ಆಗೋದು ವನ್ ಹ್ಯಾಂಡೆಡ್ ಮೋಡ್. ಸೆಟ್ಟಿಂಗ್ಸ್ ಒಳಗ ಅಡ್ವಾನ್ಸ್ಡ್ ಫೀಚರ್ಸ್‌ದಾಗ ಅದ. ಆನ್ ಮಾಡಿ ತಳದ ಅಂಚಿನ ನಡುವ ಬೆರಳು ಕೆಳಗ ಎಳದ್ರ ಇಡೀ ಸ್ಕ್ರೀನ್ ಕುಗ್ಗಿ ಒಂದು ಮೂಲಿಗೆ ಬರ್ತದ, ಪಕ್ಕದ ಬಾಣ ಒತ್ತಿದ್ರ ಎಡಕ್ಕ ಬಲಕ್ಕ ಸರೀತದ, ಕಪ್ಪು ಜಾಗ ಮುಟ್ಟಿದ್ರ ಮತ್ತ ಮೊದ್ಲಿನಂಗ. ನಮ್ಮಕ್ಕನ ಫೋನ್ ಬ್ಯಾರೆ ಕಂಪನೀದು, ಅದ್ರಾಗ ಆಂಡ್ರಾಯ್ಡ್ 12ರಾಗ ಬಂದ ಮೋಡ್ ಅದ, ಸ್ಕ್ರೀನ್ ಕುಗ್ಗಂಗಿಲ್ಲ, ಬರೇ ಕೆಳಗ ಜಾರ್ತದ. ಬಟನ್ ಸಣ್ಣ ಆಗಂಗಿಲ್ಲ ಅನ್ನೋದು ಛಲೋ, ಆದ್ರ ಅಗಲ ಅಷ್ಟೇ ಉಳೀತದ, ಎಡಗಡಿ ಅಂಚು ನನ್ನಂಥ ಕೈಗೆ ಆಗೂ ದೂರನೇ. ಐಫೋನ್‌ನ ರೀಚಬಿಲಿಟೀನೂ ಹಂಗೇ.

ಒಂದು ಲಕ್ಷ್ಯ ಇಡ್ರಿ, ತಳದಾಗ ದಪ್ಪ ಅಂಚಿರೋ ಕವರ್ ಹಾಕಿದ್ರ ಬೆರಳು ಅಂಚಿಗೆ ಮುಟ್ಟಂಗಿಲ್ಲ. ಮೋಡ್ ಬರೋ ಬದ್ಲಿ ಪೇಜ್ ಸ್ಕ್ರೋಲ್ ಆಗ್ಲಾಕತ್ತಿದ್ರ ಕವರ್‌ದೇ ತಕರಾರು ಅಂತ ತಿಳೀರಿ. ತಳದ ಅಂಚು ತೆಳು ಇರೋ ಕವರ್ ಹಾಕ್ರಿ, ಇಲ್ಲಂದ್ರ ಕೆಳಗ ಮೂರು ಬಟನ್ ಇಟ್ಕೊಂಡು ಹೋಮ್ ಬಟನ್ ಎರಡು ಸಲ ಒತ್ತೋ ಆಯ್ಕೆ ತಗೋರಿ, ಬಸ್ಸಿನ ಕುಲುಕಾಟಕ್ಕ ನಂಗ ಅದೇ ಪಾಡ ಅನಸ್ತದ.

ಕುಗ್ಗಿದ ಸ್ಕ್ರೀನಿನಾಗ ಬಟನ್ ಭಾಳ ಸಣ್ಣ ಆಗಿ ಪಕ್ಕದ್ದಕ್ಕ ಬೆರಳು ಬೀಳ್ತಿತ್ತು. ಅದಕ್ಕ ಡಿಸ್‌ಪ್ಲೇ ಒಳಗ ಸ್ಕ್ರೀನ್ ಜೂಮ್, ಅಂದ್ರ ಮ್ಯಾಲೆ ಹೇಳಿದ ಡಿಸ್‌ಪ್ಲೇ ಸೈಜೇ, ಒಂದು ಹಂತ ಏರಿಸೀನಿ, ಸಣ್ಣ ಅಲ್ಲ, ದೊಡ್ಡದು. ಫಾಂಟ್ ಸೈಜ್ ಬ್ಯಾರೆ ಸೆಟ್ಟಿಂಗ್, ಅದು ಒಂದು ಹಂತ ಇಳಿಸೀನಿ, ಹಿಂಗಾಗಿ ಬಟನ್ ದಪ್ಪ, ಅಕ್ಷರ ಜಾಗ ತಿನ್ನಂಗಿಲ್ಲ. ಎರಡು ಹಂತ ಏರಿಸಿ ನೋಡ್ದೆ, ಒಂದು ಬ್ಯಾಂಕ್ ಆಪ್‌ದಾಗ ಓಟಿಪಿ ಹಾಕೋ ಮುಂದ ಸಬ್‌ಮಿಟ್ ಬಟನ್ ಕೀಬೋರ್ಡ್ ಹಿಂದ ಹೋಗಿ ಕುಂತಿತು. ಬಟನ್ ಮ್ಯಾಲಿನ ಅಕ್ಷರ ಅರ್ಧಕ್ಕ ಕಟ್ ಆಗ್ಲಾಕತ್ರ ಜೂಮ್ ಹೆಚ್ಚಾಗ್ಯದ ಅಂತ ತಿಳ್ಕೋರಿ.

ಟೈಪಿಂಗ್‌ಗೆ ಜಿಬೋರ್ಡ್‌ನ ಮೆನುದಾಗೇ ವನ್ ಹ್ಯಾಂಡೆಡ್ ಅಂತ ಬ್ಯಾರೆ ಅದ, ಬರೇ ಕೀಬೋರ್ಡ್ ಒಂದು ಕಡೀಗೆ ಸರೀತದ. ಇಂಗ್ಲಿಷ್ ಅಕ್ಷರದಾಗ ಕನ್ನಡ ಹೊಡಿಯೋರಿಗೆ ಮಸ್ತ್. ಕನ್ನಡ ಲೇಔಟ್‌ನಾಗ ಕೀ ಮೊದ್ಲೇ ಒತ್ತೊತ್ತಾಗಿ ಇರ್ತಾವ, ಕುಗ್ಗಿಸಿದ್ರ ತಪ್ಪು ಜಾಸ್ತಿ, ಅದಕ್ಕ ಕನ್ನಡ ಬರೀಬೇಕಂದ್ರ ಸೀಟ್ ಸಿಗೋ ತನ ಕಾಯ್ತೀನಿ.